ಕೂಡಿಸಿದ್ದು ಯಾರ ಪಾಲಿಗೆ? ಒಂದೇ ರ‍್ಯಾಂಕಿನ ಮ್ಯಾಟ್ರಿಕ್ಸ್, cI ಮತ್ತು ಐಗೆನ್ ಮೌಲ್ಯಗಳು

ಕರ್ಣದ ಮೇಲೆಲ್ಲ 7, ಉಳಿದ ಜಾಗದಲ್ಲೆಲ್ಲ 2 ಇರುವ 4×4 ಮ್ಯಾಟ್ರಿಕ್ಸ್ ಒಂದನ್ನು ಕೊಟ್ಟು ಅದರ ಐಗೆನ್ ಮೌಲ್ಯಗಳನ್ನು ಕೇಳಿದರೆ, ಬಿ.ಎಸ್ಸಿ. ವಿದ್ಯಾರ್ಥಿ ಸಾಮಾನ್ಯವಾಗಿ ನಿರ್ಧಾರಕ ಬಿಡಿಸಲು ಕೂರುತ್ತಾನೆ. ಅರ್ಧ ಪುಟ ತುಂಬುವ ಹೊತ್ತಿಗೆ ಎಲ್ಲೋ ಒಂದು ಚಿಹ್ನೆ ತಪ್ಪಿರುತ್ತದೆ. ಅದೇ ಮ್ಯಾಟ್ರಿಕ್ಸನ್ನು 5I + 2J ಎಂದು ಬರೆದುಕೊಂಡವನಿಗೆ ಲೆಕ್ಕವೇ ಇಲ್ಲ. ಇಲ್ಲಿ I ಎಂದರೆ ಐಡೆಂಟಿಟಿ ಮ್ಯಾಟ್ರಿಕ್ಸ್. J ಎಂದರೆ ಎಲ್ಲ ಜಾಗದಲ್ಲೂ 1 ಇರುವ ಮ್ಯಾಟ್ರಿಕ್ಸ್. J ಯ ಐಗೆನ್ ಮೌಲ್ಯಗಳು 4, 0, 0, 0. ಎರಡರಿಂದ ಗುಣಿಸಿದರೆ 8, 0, 0, 0. ಒಂದೊಂದಕ್ಕೂ ಐದು ಕೂಡಿಸಿದರೆ 13, 5, 5, 5. ಕರ್ಣದ ಮೊತ್ತ 28, ಇವುಗಳ ಮೊತ್ತವೂ 28. ನಿರ್ಧಾರಕ ಬೇಕೆಂದರೆ ನಾಲ್ಕನ್ನೂ ಗುಣಿಸಿದರಾಯಿತು, 1625.

ಇಲ್ಲಿ ಎರಡು ಸಂಗತಿಗಳು ಕೆಲಸ ಮಾಡಿವೆ. ಯಾವುದೇ ಚೌಕ ಮ್ಯಾಟ್ರಿಕ್ಸಿಗೆ cI ಕೂಡಿಸಿದರೆ ಅದರ ಪ್ರತಿಯೊಂದು ಐಗೆನ್ ಮೌಲ್ಯಕ್ಕೂ c ಸೇರುತ್ತದೆ, ಸದಿಶಗಳು ಅಲುಗುವುದಿಲ್ಲ. ಇನ್ನೊಂದು, ಒಂದು ಕಂಬಸಾಲು x ಮತ್ತು ಒಂದು ಅಡ್ಡಸಾಲು yᵀ ಗುಣಿಸಿ ಬಂದ n×n ಮ್ಯಾಟ್ರಿಕ್ಸ್ xyᵀ ಗೆ ಸೊನ್ನೆಯಲ್ಲದ ಐಗೆನ್ ಮೌಲ್ಯ ಹೆಚ್ಚೆಂದರೆ ಒಂದು. ಅದು yᵀx ಎಂಬ ಸಂಖ್ಯೆ. ಉಳಿದ n − 1 ಮೌಲ್ಯಗಳೂ ಸೊನ್ನೆ.

ಎರಡೂ ಪಠ್ಯಪುಸ್ತಕದಲ್ಲಿ ಒಂದೊಂದು ಸಾಲಿನ ಅಭ್ಯಾಸಗಳು. ಆದರೆ ಅವುಗಳ ಹಿಂದಿರುವ ಪ್ರಶ್ನೆ ದೊಡ್ಡದು: A ಯ ಐಗೆನ್ ಮೌಲ್ಯ ಗೊತ್ತು, B ಯದೂ ಗೊತ್ತು, A + B ಯದು ಏನು? ಪೂರ್ತಿ ಉತ್ತರ ಸಿಗುವ ಸಂದರ್ಭಗಳು ಕಡಿಮೆ. ಈ ಎರಡು ಅಂಥವು. ಮೊತ್ತದ ಮಟ್ಟದಲ್ಲಿ ಮಾತ್ರ ಯಾವತ್ತೂ ಗೊಂದಲವಿಲ್ಲ, ಏಕೆಂದರೆ ಕರ್ಣದ ಮೊತ್ತ ಸೀದಾ ಕೂಡಿಕೊಳ್ಳುತ್ತದೆ. ಜಗಳವೆಲ್ಲ ಹಂಚಿಕೆಯದು. cI ಕೂಡಿಸಿದರೆ ಮನೆಯವರಿಗೆಲ್ಲ ಸಮಪಾಲು. cI ಗೆ ಒಂದೇ ರ‍್ಯಾಂಕಿನದನ್ನು ಕೂಡಿಸಿದರೆ ಇಡೀ ಆಸ್ತಿ ಒಬ್ಬನಿಗೆ. ಬೇರೆ ಯಾವುದಕ್ಕೋ ಕೂಡಿಸಿದರೆ ಪಾಲು ಹೇಗಾಗುತ್ತದೆ ಎಂಬಲ್ಲಿಂದ ಕಥೆ ಕಷ್ಟವಾಗುತ್ತದೆ.

ಗ್ರಹಗಳಿಂದ ಬಂದ ಸಮೀಕರಣ

ಐಗೆನ್ ಮೌಲ್ಯ ಎಂಬ ಕಲ್ಪನೆ ಹುಟ್ಟುವಾಗ ಮ್ಯಾಟ್ರಿಕ್ಸ್ ಇರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಲಗ್ರಾಂಜ್ ಮತ್ತು ಲಾಪ್ಲಾಸ್ ಗ್ರಹಗಳ ಕಕ್ಷೆಗಳು ಬಹುಕಾಲದಲ್ಲಿ ಹೇಗೆ ಬದಲಾಗುತ್ತವೆ ಎಂದು ನೋಡುವಾಗ ಒಂದು ಬಗೆಯ ಸಮೀಕರಣ ಎದುರಾಯಿತು. ಇಂದಿನ ಬರವಣಿಗೆಯಲ್ಲಿ ಅದು det(A − zI) = 0. ಖಗೋಳಶಾಸ್ತ್ರದ ಹಿನ್ನೆಲೆಯಿಂದಾಗಿ ಅದಕ್ಕೆ ಸೆಕ್ಯುಲರ್ ಸಮೀಕರಣ ಎಂಬ ಹೆಸರು ನಿಂತಿತು. A ಸಮಮಿತವಾಗಿದ್ದರೆ ಇದರ ಮೂಲಗಳೆಲ್ಲ ವಾಸ್ತವ ಸಂಖ್ಯೆಗಳು ಎಂದು 1829ರಲ್ಲಿ ಕೋಶಿ ತೋರಿಸಿದ. ಮ್ಯಾಟ್ರಿಕ್ಸ್ ಎಂಬ ಪದವನ್ನು ಸಿಲ್ವೆಸ್ಟರ್ ತಂದದ್ದು 1850ರಲ್ಲಿ; ಮ್ಯಾಟ್ರಿಕ್ಸುಗಳನ್ನು ಸಂಖ್ಯೆಗಳಂತೆ ಕೂಡಿ ಗುಣಿಸುವ ಬೀಜಗಣಿತವನ್ನು ಕೇಲಿ 1858ರಲ್ಲಿ ಮಂಡಿಸಿದ.

ಆ ಹಳೆಯ ಸಮೀಕರಣವನ್ನು ಇನ್ನೊಮ್ಮೆ ನೋಡಿ. A ಯಿಂದ zI ಕಳೆದಾಗ ಮ್ಯಾಟ್ರಿಕ್ಸ್ ವಿಲೋಮ ಕಳೆದುಕೊಳ್ಳುವಂಥ z ಯಾವುದು ಎಂದು ಅದು ಕೇಳುತ್ತಿದೆ. ಅಂದರೆ cI ಕೂಡಿಸಿದರೆ ಐಗೆನ್ ಮೌಲ್ಯ c ಯಷ್ಟು ಸರಿಯುತ್ತದೆ ಎಂಬ ಮಾತಿಗೆ ಬೇರೆ ಪ್ರಮೇಯವೇ ಬೇಕಿಲ್ಲ. ವ್ಯಾಖ್ಯೆಯಲ್ಲೇ ಅದು ಕೂತಿದೆ. (A + cI) − (z + c)I ಎಂದರೆ A − zI, ಅಷ್ಟೆ. 1883ರಲ್ಲಿ ಸಿಲ್ವೆಸ್ಟರ್ ಇದನ್ನು ಹಿಗ್ಗಿಸಿ, A ಯ ಮೇಲೆ ಯಾವುದೇ ಬಹುಪದೋಕ್ತಿಯನ್ನು ಪ್ರಯೋಗಿಸಿದರೂ ಮೌಲ್ಯಗಳ ಮೇಲೆ ಅದೇ ಬಹುಪದೋಕ್ತಿ ಪ್ರಯೋಗವಾಗುತ್ತದೆ ಎಂದ. A + cI ಎಂಬುದು ಆ ಪೈಕಿ ತೀರ ಸರಳವಾದದ್ದು.

ಒಂದೇ ರ‍್ಯಾಂಕಿನ ವಿಷಯ ಹಾಗಲ್ಲ. ಅದು ಹೀಗೆ ಪುಕ್ಕಟೆ ಸಿಗುವುದಿಲ್ಲ. ಅಲ್ಲಿಗೆ ಹೋಗುವ ದಾರಿ ಯಾವುದಿರಬೇಕು ಎಂಬ ಬಗ್ಗೆ ಇಂದಿಗೂ ಮೇಷ್ಟ್ರುಗಳಲ್ಲಿ ಒಮ್ಮತವಿಲ್ಲ.

ಮೂರು ಪಂಥ

ನಿರ್ಧಾರಕದ ಪಂಥ ಹಳೆಯದು. ಅದರ ಆಯುಧ ಒಂದು ಪುಟ್ಟ ಸೂತ್ರ: det(I + xyᵀ) = 1 + yᵀx. ಅದನ್ನು ಬಳಸಿ det(zI − xyᵀ) ಬಿಡಿಸಿದರೆ zⁿ⁻¹(z − yᵀx) ಬರುತ್ತದೆ. ಮೂಲಗಳು ಯಾವುವು, ಯಾವುದು ಎಷ್ಟು ಸಲ ಎಂಬ ಎರಡೂ ಪ್ರಶ್ನೆಗಳಿಗೆ ಒಂದೇ ಏಟಿಗೆ ಉತ್ತರ. ಇದರ ಹಿಂದಿರುವುದು ಸಿಲ್ವೆಸ್ಟರನದೇ ಇನ್ನೊಂದು ಮಾತು: XY ಮತ್ತು YX ಗಳ ಸೊನ್ನೆಯಲ್ಲದ ಐಗೆನ್ ಮೌಲ್ಯಗಳು ಒಂದೇ. X ಒಂದು ಕಂಬಸಾಲು, Y ಒಂದು ಅಡ್ಡಸಾಲು ಆದರೆ XY ಎಂಬುದು n×n ಮ್ಯಾಟ್ರಿಕ್ಸ್, YX ಎಂಬುದು 1×1, ಅಂದರೆ ಬರೀ ಒಂದು ಸಂಖ್ಯೆ. ಸಾವಿರ ಅಡ್ಡಸಾಲಿನ ಮ್ಯಾಟ್ರಿಕ್ಸಿನ ಗುಟ್ಟೆಲ್ಲ ಒಂದು ಸಂಖ್ಯೆಯಲ್ಲಿರುವುದಕ್ಕೆ ಕಾರಣ ಇದು. ಮೂರು ಪಂಥಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಈ ವಿವರಣೆ.

ಎರಡನೆಯದು ಅವಕಾಶಗಳ ಪಂಥ. ಅಮೆರಿಕದ ಶೆಲ್ಡನ್ ಆಕ್ಸ್ಲರ್ 1995ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿಯಲ್ಲಿ ನಿರ್ಧಾರಕಗಳಿಗೆ ಧಿಕ್ಕಾರ ಕೂಗುವ ಶೀರ್ಷಿಕೆಯ ಲೇಖನವನ್ನೇ ಬರೆದರು. ಐಗೆನ್ ಮೌಲ್ಯಗಳ ಸಿದ್ಧಾಂತವನ್ನು ನಿರ್ಧಾರಕವಿಲ್ಲದೆ ಕಟ್ಟಬಹುದು, ಹಾಗೆ ಕಟ್ಟಿದರೇ ಅರ್ಥವಾಗುವುದು ಎಂಬುದು ಅವರ ವಾದ. ನಮ್ಮ ವಿಷಯದಲ್ಲಿ ಆ ಪಂಥ ಹೇಳುವುದಿಷ್ಟು: xyᵀ ಯಾವ ಸದಿಶವನ್ನು ತಿಂದರೂ x ನ ದಿಕ್ಕಿನಲ್ಲೇ ಉಗುಳುತ್ತದೆ; y ಗೆ ಲಂಬವಾಗಿರುವ ಸದಿಶವನ್ನೆಲ್ಲ ಸೊನ್ನೆ ಮಾಡುತ್ತದೆ. ಲಂಬವಾದವು n − 1 ಆಯಾಮದಷ್ಟಿವೆ, ಆದ್ದರಿಂದ ಸೊನ್ನೆ ಅಷ್ಟು ಸಲ. x ನ ಮೇಲೇ ಪ್ರಯೋಗಿಸಿದರೆ (xyᵀ)x = (yᵀx)x. ಮುಗಿಯಿತು. ಇಲ್ಲಿನ ಲಾಭ ಎಂದರೆ ಐಗೆನ್ ಸದಿಶಗಳು ಕಣ್ಣಿಗೆ ಕಾಣುತ್ತವೆ. 5I + 2J ನಲ್ಲಿ 13 ಸಿಗುವುದು (1,1,1,1) ದಿಕ್ಕಿನಲ್ಲಿ. 5 ಸಿಗುವುದು ಅಂಶಗಳ ಮೊತ್ತ ಸೊನ್ನೆಯಾಗುವ ಯಾವುದೇ ಸದಿಶಕ್ಕೆ, ಉದಾಹರಣೆಗೆ (1,−1,0,0).

ಮೂರನೆಯದು ವರ್ಗ ಮಾಡಿ ನೋಡುವ ಪಂಥ. A = xyᵀ, t = yᵀx ಆದರೆ A² = tA. ಹಾಗಾಗಿ ಯಾವುದೇ ಐಗೆನ್ ಮೌಲ್ಯ z ಇದ್ದರೂ z² = tz, ಅಂದರೆ z ಸೊನ್ನೆ ಅಥವಾ t. ಯಾವುದು ಎಷ್ಟು ಸಲ ಎಂಬುದನ್ನು ಕರ್ಣದ ಮೊತ್ತ ಹೇಳುತ್ತದೆ. ಆ ಮೊತ್ತ t ಯೇ ಆದ್ದರಿಂದ, t ಸೊನ್ನೆಯಲ್ಲದಿದ್ದರೆ, ಅದು ಒಂದೇ ಸಲ. ಕಾಗದ ಪೆನ್ನಿಲ್ಲದೆ ಮಾಡಬಹುದಾದ ದಾರಿ ಇದು. ಆದರೆ "ಮೊತ್ತ t, ಆದ್ದರಿಂದ ಒಂದೇ ಸಲ" ಎಂಬ ಮಾತಿನಲ್ಲಿ ಒಂದು ಹಳ್ಳವಿದೆ. ವಾಸ್ತವ ಸಂಖ್ಯೆಗಳಲ್ಲಿ ಅದು ಸರಿ. ಎರಡರ ಶೇಷ, ಮೂರರ ಶೇಷ ಇಟ್ಟುಕೊಂಡು ಲೆಕ್ಕ ಮಾಡುವವರಿಗೆ ಸರಿಯಲ್ಲ, ಏಕೆಂದರೆ ಎರಡರ ಶೇಷದಲ್ಲಿ t ಮೂರು ಸಲ ಬಂದರೂ ಮೊತ್ತ t ಯೇ. ನಿರ್ಧಾರಕದ ಪಂಥಕ್ಕೆ ಈ ತೊಂದರೆಯಿಲ್ಲ.

yᵀx ಸೊನ್ನೆಯಾದಾಗ

ಮೂರೂ ಪಂಥಗಳ ನಿಜವಾದ ಪರೀಕ್ಷೆ ಇಲ್ಲಿ. ರ‍್ಯಾಂಕ್ ಒಂದು ಎಂದ ಮೇಲೆ ಸೊನ್ನೆಯಲ್ಲದ ಐಗೆನ್ ಮೌಲ್ಯ ಒಂದಾದರೂ ಇರಲೇಬೇಕು ಎಂದು ಬರೆಯುವುದು ಉತ್ತರಪತ್ರಿಕೆಗಳಲ್ಲಿ ಅತಿ ಸಾಮಾನ್ಯವಾದ ತಪ್ಪು. x = (1,1), y = (1,−1) ತೆಗೆದುಕೊಳ್ಳಿ. ಗುಣಿಸಿದರೆ ಬರುವ ಮ್ಯಾಟ್ರಿಕ್ಸಿನ ಎರಡೂ ಅಡ್ಡಸಾಲುಗಳು (1, −1). ರ‍್ಯಾಂಕ್ ಒಂದೇ, ಆದರೆ yᵀx = 0. ಎರಡೂ ಐಗೆನ್ ಮೌಲ್ಯ ಸೊನ್ನೆ, ವರ್ಗ ಮಾಡಿದರೆ ಇಡೀ ಮ್ಯಾಟ್ರಿಕ್ಸೇ ಸೊನ್ನೆ. ಕಾರಣ ಸ್ಪಷ್ಟ: x ತಾನೇ y ಗೆ ಲಂಬವಾಗಿ ಬಿದ್ದಿದೆ, ಅಂದರೆ ಉಗುಳಿದ್ದು ಮತ್ತೆ ಸೊನ್ನೆಯಾಗುವ ಜಾಗಕ್ಕೇ ಹೋಗಿ ಸೇರಿದೆ. ಸದಿಶಗಳಿಂದ ಹೊರಟವನಿಗೆ ಇಲ್ಲಿ n − 1 ಸ್ವತಂತ್ರ ಐಗೆನ್ ಸದಿಶಗಳಷ್ಟೇ ಸಿಗುತ್ತವೆ, n ನೆಯದು ಇಲ್ಲವೇ ಇಲ್ಲ; ಮ್ಯಾಟ್ರಿಕ್ಸನ್ನು ಕರ್ಣರೂಪಕ್ಕೆ ತರಲಾಗುವುದಿಲ್ಲ. ನಿರ್ಧಾರಕದವನು zⁿ ಎಂದು ಬರೆದು ಮುಂದೆ ಹೋಗುತ್ತಾನೆ, ಸದಿಶ ಒಂದು ಕಾಣೆಯಾದದ್ದು ಅವನ ಗಮನಕ್ಕೇ ಬರುವುದಿಲ್ಲ. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು ಎನ್ನುವುದು ಇಂಥ ಕಡೆ.

cI ಕೂಡಿಸುವುದರಿಂದ ಈ ರೋಗ ವಾಸಿಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಮೇಲಿನ ಮ್ಯಾಟ್ರಿಕ್ಸಿಗೆ 3I ಕೂಡಿಸಿದರೆ ಅಡ್ಡಸಾಲುಗಳು (4, −1) ಮತ್ತು (1, 2). ಈಗ ವಿಲೋಮವಿದೆ, ನಿರ್ಧಾರಕ 9, ಐಗೆನ್ ಮೌಲ್ಯ 3, 3. ನೋಡಲು ಆರೋಗ್ಯವಾಗಿದೆ. ಆದರೆ ಸದಿಶ ಈಗಲೂ ಒಂದೇ. cI ಸದಿಶಗಳನ್ನು ಮುಟ್ಟುವುದಿಲ್ಲ ಎಂಬುದು ವರವೂ ಹೌದು, ಶಾಪವೂ ಹೌದು.

ಕಂಪ್ಯೂಟರಿನಲ್ಲಿ ಇದನ್ನು ಗುರುತಿಸುವ ಬಗೆ ಹೀಗೆ. ಆ ಮೊದಲ ಮ್ಯಾಟ್ರಿಕ್ಸಿನ ಎರಡನೆಯ ಅಡ್ಡಸಾಲಿನ 1 ನ್ನು 1 − ε ಎಂದು ಚೂರು ಬದಲಿಸಿ. ಕರ್ಣದ ಮೊತ್ತ ಸೊನ್ನೆಯೇ ಉಳಿಯುತ್ತದೆ, ನಿರ್ಧಾರಕ −ε ಆಗುತ್ತದೆ, ಐಗೆನ್ ಮೌಲ್ಯಗಳು ±√ε. ಹದಿನಾಲ್ಕನೆಯ ದಶಮಾಂಶ ಸ್ಥಾನದಲ್ಲಿ 1 ಹೆಚ್ಚುಕಡಿಮೆಯಾದರೆ ಐಗೆನ್ ಮೌಲ್ಯದಲ್ಲಿ ಅದು ಏಳನೆಯ ಸ್ಥಾನಕ್ಕೆ ಬಂದು ಕೂರುತ್ತದೆ. ಆದ್ದರಿಂದ ತಂತ್ರಾಂಶ ಎರಡು ಐಗೆನ್ ಮೌಲ್ಯಗಳನ್ನು ಸುಮಾರು 10⁻⁷ ಅಥವಾ 10⁻⁸ ಎಂದು, ಒಂದು ಧನ ಒಂದು ಋಣವಾಗಿ ಮುದ್ರಿಸಿದರೆ, ಅದು ನಿಜವಾದ ಸಣ್ಣ ಮೌಲ್ಯವೆಂದು ನಂಬುವ ಮೊದಲು yᵀx ಎಷ್ಟಿದೆ ಎಂದು ನೋಡುವುದು ಒಳ್ಳೆಯದು.

ತಳಿ, ಬ್ಲಾಕ್ ಮತ್ತು ಬೋಸ್

aI + bJ ಎಂಬ ಈ ಪುಟ್ಟ ಮ್ಯಾಟ್ರಿಕ್ಸಿಗೆ ಎಷ್ಟು ಶಕ್ತಿಯಿದೆ ಎಂದು ತೋರಿಸಿದ್ದು ಹೊಲದ ಪ್ರಯೋಗಗಳ ಗಣಿತ. v ತಳಿಗಳನ್ನು b ಬ್ಲಾಕುಗಳಲ್ಲಿ ಬೆಳೆದು ಹೋಲಿಸಬೇಕು. ಒಂದು ಬ್ಲಾಕಿನಲ್ಲಿ k ತಳಿಗಳಿಗಷ್ಟೇ ಜಾಗ, k ಎಂಬುದು v ಗಿಂತ ಕಡಿಮೆ. ಪ್ರತಿ ತಳಿಯೂ r ಬ್ಲಾಕುಗಳಲ್ಲಿ ಬರಬೇಕು, ಯಾವ ಎರಡು ತಳಿಗಳನ್ನು ತೆಗೆದುಕೊಂಡರೂ ಅವು λ ಬ್ಲಾಕುಗಳಲ್ಲಿ ಜೊತೆಯಾಗಿರಬೇಕು. ಇಂಥ ವಿನ್ಯಾಸ ಯಾವುದೇ ಇರಲಿ, ಬ್ಲಾಕುಗಳ ಸಂಖ್ಯೆ ತಳಿಗಳ ಸಂಖ್ಯೆಗಿಂತ ಕಡಿಮೆಯಿರಲು ಸಾಧ್ಯವಿಲ್ಲ ಎಂದು ರೊನಾಲ್ಡ್ ಫಿಶರ್ 1940ರಲ್ಲಿ ಸಾಧಿಸಿದ.

ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಳಗಿದ ರಾಜಚಂದ್ರ ಬೋಸ್ 1949ರಲ್ಲಿ ಅದೇ ಮಾತಿಗೆ ಕೊಟ್ಟ ಸಾಧನೆ ಕೆಲವೇ ಸಾಲಿನದು. ತಳಿಗೊಂದು ಅಡ್ಡಸಾಲು, ಬ್ಲಾಕಿಗೊಂದು ಕಂಬಸಾಲು ಇಟ್ಟು, ಆ ತಳಿ ಆ ಬ್ಲಾಕಿನಲ್ಲಿದ್ದರೆ 1, ಇಲ್ಲದಿದ್ದರೆ 0 ಬರೆಯಿರಿ. ಇದು N. ಈಗ NNᵀ ಲೆಕ್ಕ ಹಾಕಿ. ಕರ್ಣದ ಮೇಲೆ ಒಂದು ತಳಿ ಎಷ್ಟು ಬ್ಲಾಕಿನಲ್ಲಿದೆ ಎಂಬ ಎಣಿಕೆ ಬರುತ್ತದೆ, ಅದು r. ಉಳಿದ ಕಡೆ ಎರಡು ತಳಿಗಳು ಎಷ್ಟು ಬ್ಲಾಕಿನಲ್ಲಿ ಜೊತೆಗಿವೆ ಎಂಬ ಎಣಿಕೆ, ಅದು λ. ಅಂದರೆ NNᵀ = (r − λ)I + λJ. ಇದರ ಐಗೆನ್ ಮೌಲ್ಯಗಳು ಬಾಯಲ್ಲೇ ಬರುತ್ತವೆ: r − λ ಎಂಬುದು v − 1 ಸಲ, r − λ + λv ಎಂಬುದು ಒಂದು ಸಲ. k < v ಆದ್ದರಿಂದ r > λ. ಯಾವ ಮೌಲ್ಯವೂ ಸೊನ್ನೆಯಲ್ಲ. NNᵀ ನ ರ‍್ಯಾಂಕ್ ಪೂರ್ತಿ v. ಆದರೆ N ಗೆ ಇರುವುದು b ಕಂಬಸಾಲು. ಅದರ ರ‍್ಯಾಂಕ್ v ಆಗಬೇಕಾದರೆ b ಕನಿಷ್ಠ v ಇರಲೇಬೇಕು.

b ಮತ್ತು v ಸಮವಾದಾಗ ಇನ್ನೂ ಬಿಗಿಯಾದ ಮಾತು ಸಿಗುತ್ತದೆ. ಆಗ N ಚೌಕ ಮ್ಯಾಟ್ರಿಕ್ಸ್. NNᵀ ನ ನಿರ್ಧಾರಕ ಒಂದು ಪೂರ್ಣಾಂಕದ ವರ್ಗ ಆಗಲೇಬೇಕು. ಐಗೆನ್ ಮೌಲ್ಯಗಳನ್ನು ಗುಣಿಸಿದರೆ ಆ ನಿರ್ಧಾರಕ k²(k − λ)ᵛ⁻¹. ಏಳು ಬಿಂದು, ಏಳು ರೇಖೆ, ಪ್ರತಿ ರೇಖೆಯಲ್ಲಿ ಮೂರು ಬಿಂದುವಿರುವ ಫಾನೋ ವಿನ್ಯಾಸದಲ್ಲಿ ಇದು 9 × 2⁶ = 576, ಅಂದರೆ 24 ರ ವರ್ಗ; ಸರಿಹೊಂದಿತು. ಈಗ 22 ತಳಿ, 22 ಬ್ಲಾಕ್, k = 7, λ = 2 ಇರುವುದನ್ನು ಹುಡುಕುವವರ ಪಾಡು ನೋಡಿ. ಎಣಿಕೆಯ ನಿಯಮ ಕೂಡಿಬರುತ್ತದೆ: 2 × 21 = 7 × 6. ಆದರೆ ನಿರ್ಧಾರಕ 49 × 5²¹. ಐದರ ಘಾತ ಬೆಸವಾದ್ದರಿಂದ ಇದು ವರ್ಗವಲ್ಲ. ಅಂಥ ವಿನ್ಯಾಸ ಇಲ್ಲ. ಹುಡುಕುವುದನ್ನು ಅಲ್ಲಿಗೇ ಬಿಡಬಹುದು.

v ಬೆಸವಾಗಿದ್ದಾಗ ಮಾತ್ರ ಈ ಜರಡಿ ಏನನ್ನೂ ಹಿಡಿಯುವುದಿಲ್ಲ, ಘಾತ v − 1 ಸಮವಾಗಿಬಿಡುತ್ತದೆ. n ದರ್ಜೆಯ ಪ್ರಕ್ಷೇಪ ಸಮತಲಗಳು ನುಣುಚಿಕೊಳ್ಳುವುದು ಇಲ್ಲೇ. ಅಂಥ ಸಮತಲದಲ್ಲಿ n² + n + 1 ಬಿಂದು, ಅಷ್ಟೇ ರೇಖೆಗಳು, ಒಂದು ರೇಖೆಯಲ್ಲಿ n + 1 ಬಿಂದು; NNᵀ = nI + J. ಈ ಬಿಂದುಸಂಖ್ಯೆ ಯಾವಾಗಲೂ ಬೆಸ. ಐಗೆನ್ ಮೌಲ್ಯಗಳು (n + 1)² ಒಂದು ಸಲ, n ಉಳಿದಷ್ಟು ಸಲ. ಯಾವ n ಗೂ ತಕರಾರಿಲ್ಲ. 1949ರಲ್ಲೇ ಬ್ರಕ್ ಮತ್ತು ರೈಸರ್ ಇನ್ನೂ ಆಳಕ್ಕಿಳಿದರು. nI + J ಎಂಬುದು NNᵀ ಆಗಬೇಕೆಂದರೆ ಭಿನ್ನರಾಶಿಗಳ ಮಟ್ಟದಲ್ಲೂ ಕೆಲವು ಷರತ್ತುಗಳಿವೆ ಎಂದು ತೋರಿಸಿ, n ನ್ನು ನಾಲ್ಕರಿಂದ ಭಾಗಿಸಿದಾಗ ಶೇಷ 1 ಅಥವಾ 2 ಬಂದರೆ n ಎರಡು ವರ್ಗಗಳ ಮೊತ್ತವಾಗಿರಲೇಬೇಕು ಎಂದರು. ಆರು ಹಾಗಿಲ್ಲ, ಬಿದ್ದುಹೋಯಿತು. ಹತ್ತು ಎಂದರೆ 9 + 1, ಪಾಸಾಯಿತು.

ಹತ್ತನ್ನು ಕೊನೆಗೆ ಇಲ್ಲವಾಗಿಸಿದ್ದು ಕಂಪ್ಯೂಟರ್. ಆದರೆ ಅಲ್ಲಿಯೂ ಮೊದಲ ಹೆಜ್ಜೆ ನಮ್ಮ ಮ್ಯಾಟ್ರಿಕ್ಸಿನದೇ. 10I + J ಯನ್ನು ಎರಡರ ಶೇಷದಲ್ಲಿ ನೋಡಿದರೆ 10I ಮಾಯವಾಗುತ್ತದೆ, ಉಳಿಯುವುದು ಬರೀ J, ಒಂದೇ ರ‍್ಯಾಂಕಿನದು. ಅಷ್ಟು ಕುಸಿತದಿಂದ N ನ ಸಾಲುಗಳು 0–1 ಗಳ ಒಂದು ಸಂಕೇತವನ್ನು ಕಟ್ಟಿಕೊಡುತ್ತವೆ. ಅದರ ಆಯಾಮ 56 ಎಂದು ಲೆಕ್ಕ ಬರುತ್ತದೆ. ಆ ಸಂಕೇತದಲ್ಲಿ 12, 15, 16, 19 ಒಂದುಗಳಿರುವ ಪದಗಳು ಇವೆಯೇ ಎಂದು ಒಂದೊಂದಾಗಿ ಹುಡುಕುವ ಕೆಲಸ 1970ರ ದಶಕದಲ್ಲಿ ಆರಂಭವಾಯಿತು. 1989ರಲ್ಲಿ ಕ್ಲೆಮೆಂಟ್ ಲಾಮ್ ಮತ್ತು ಸಂಗಡಿಗರು ಕೊನೆಯ ಭಾಗವನ್ನು ಸೂಪರ್ ಕಂಪ್ಯೂಟರಿನಲ್ಲಿ ಓಡಿಸಿ, ಹತ್ತನೆಯ ದರ್ಜೆಯ ಸಮತಲ ಇಲ್ಲ ಎಂದು ಪ್ರಕಟಿಸಿದರು. ಐಗೆನ್ ಮೌಲ್ಯ ಮೌನವಾಗಿದ್ದ ಕಡೆ ಅದೇ ಮ್ಯಾಟ್ರಿಕ್ಸಿನ ಶೇಷ ಮಾತಾಡಿತು.

I ಅಲ್ಲದ್ದಕ್ಕೆ ಕೂಡಿಸಿದರೆ

ಇಲ್ಲಿಯವರೆಗೆ ಎಲ್ಲ ಸಲೀಸಾಗಿದ್ದಕ್ಕೆ ಕಾರಣ I ಎಲ್ಲರೊಂದಿಗೂ ಹೊಂದಿಕೊಳ್ಳುತ್ತದೆ ಎಂಬುದು. ಅದಕ್ಕೆ ತನ್ನದೇ ದಿಕ್ಕು ಇಲ್ಲ, ಯಾವ ಸದಿಶವಾದರೂ ಅದರ ಐಗೆನ್ ಸದಿಶವೇ. ಬೇರೊಂದು ಮ್ಯಾಟ್ರಿಕ್ಸಿಗೆ ತನ್ನ ದಿಕ್ಕುಗಳಿರುತ್ತವೆ. ಕರ್ಣದಲ್ಲಿ 1, 3 ಇರುವ 2×2 ಮ್ಯಾಟ್ರಿಕ್ಸಿಗೆ w = (1,1) ಇಟ್ಟು wwᵀ ಕೂಡಿಸಿ. ಅಡ್ಡಸಾಲುಗಳು (2, 1) ಮತ್ತು (1, 4) ಆಗುತ್ತವೆ. ಐಗೆನ್ ಮೌಲ್ಯಗಳು 3 ± √2, ಅಂದರೆ ಸುಮಾರು 1.586 ಮತ್ತು 4.414. ಕೂಡಿಸಿದ್ದು ಒಟ್ಟು 2. ಒಂದಕ್ಕೆ 0.586 ಸಿಕ್ಕಿತು, ಇನ್ನೊಂದಕ್ಕೆ 1.414. ಯಾರಿಗೂ ಪೂರ್ತಿ ಸಿಗಲಿಲ್ಲ, ಯಾರೂ ಬರಿಗೈಯಲ್ಲಿ ಹೋಗಲಿಲ್ಲ.

ಸಮಮಿತ ಮ್ಯಾಟ್ರಿಕ್ಸುಗಳಲ್ಲಿ ಈ ಹಂಚಿಕೆಗೆ ಕಟ್ಟುನಿಟ್ಟಿನ ನಿಯಮವಿದೆ. wwᵀ ಕೂಡಿಸಿದರೆ ಪ್ರತಿ ಮೌಲ್ಯವೂ ಇದ್ದಲ್ಲೇ ಇರುತ್ತದೆ ಇಲ್ಲವೇ ಮೇಲಕ್ಕೆ ಸರಿಯುತ್ತದೆ, ಆದರೆ ತನ್ನ ಮುಂದಿದ್ದ ಹಳೆಯ ಮೌಲ್ಯವನ್ನು ದಾಟುವುದಿಲ್ಲ. ಎಲ್ಲಕ್ಕಿಂತ ಮೇಲಿದ್ದದ್ದು ಮಾತ್ರ wᵀw ನಷ್ಟು ದೂರದವರೆಗೆ ಹೋಗಬಹುದು. ಮೇಲಿನ ಉದಾಹರಣೆಯಲ್ಲಿ 1.586 ಎಂಬುದು 3 ನ್ನು ಮುಟ್ಟಲಿಲ್ಲ. ನಿಖರವಾದ ಜಾಗ ಬೇಕೆಂದರೆ 1 + 1/(1 − z) + 1/(3 − z) = 0 ಎಂಬಂಥ ಸಮೀಕರಣ ಬಿಡಿಸಬೇಕು. ಗ್ರಹಗಳ ಕಾಲದ ಸೆಕ್ಯುಲರ್ ಎಂಬ ಹೆಸರು ಇದಕ್ಕೂ ಅಂಟಿಕೊಂಡಿದೆ. ಜೀನ್ ಗೊಲುಬ್ 1973ರಲ್ಲಿ ಈ ಸಮೀಕರಣವನ್ನು ಲೆಕ್ಕಾಚಾರದ ವಿಧಾನವಾಗಿ ಮುಂದಿಟ್ಟರು. 1981ರಲ್ಲಿ ಕುಪ್ಪೆನ್ ದೊಡ್ಡ ಸಮಸ್ಯೆಯನ್ನು ಒಂದೇ ರ‍್ಯಾಂಕಿನ ಚೂರು ಕಿತ್ತು ಎರಡಾಗಿ ಸೀಳಿ, ಬಿಡಿಸಿ, ಮತ್ತೆ ಹೊಲಿಯುವ ಕ್ರಮ ಕಂಡುಹಿಡಿದರು. ಎರಡು ಮೂಲಗಳು ತೀರ ಹತ್ತಿರ ಬಂದಾಗ ಸದಿಶಗಳ ಲಂಬತೆ ಕೆಡುತ್ತಿತ್ತು. ಗು ಮತ್ತು ಐಸೆನ್‌ಸ್ಟಾಟ್ 1990ರ ದಶಕದಲ್ಲಿ ಅದನ್ನು ಸರಿಪಡಿಸಿದ ಮೇಲೆ ಆ ಕ್ರಮ ನೆಮ್ಮದಿಯಿಂದ ಬಳಕೆಗೆ ಬಂತು.

ಸಮಮಿತಿ ಇಲ್ಲದಿದ್ದರೆ ಈ ಶಿಸ್ತೆಲ್ಲ ಹೋಯಿತು. x ಅನುಕೂಲಕರವಾಗಿದ್ದು y ನಮ್ಮ ಕೈಯಲ್ಲಿದ್ದರೆ A + xyᵀ ಗೆ ಬೇಕಾದ ಐಗೆನ್ ಮೌಲ್ಯಗಳನ್ನೆಲ್ಲ ಕೊಡಿಸಬಹುದು. ನಿಯಂತ್ರಣ ಎಂಜಿನಿಯರುಗಳ ದಿನನಿತ್ಯದ ಕಸುಬೇ ಅದು. ಇಷ್ಟು ಸ್ವಾತಂತ್ರ್ಯದ ನಡುವೆಯೂ ಇಡೀ ಪಾಲು ಒಬ್ಬನಿಗೇ ಹೋಗುವ ಒಂದು ಸಂದರ್ಭವನ್ನು ಆಲ್‌ಫ್ರೆಡ್ ಬ್ರೌವರ್ 1952ರಲ್ಲಿ ಗುರುತಿಸಿದ: x ಎಂಬುದು A ಯದೇ ಐಗೆನ್ ಸದಿಶವಾಗಿದ್ದರೆ, ಅದರ ಮೌಲ್ಯಕ್ಕೆ yᵀx ಸೇರುತ್ತದೆ, ಉಳಿದ ಮೌಲ್ಯಗಳು ಇದ್ದಲ್ಲೇ ಇರುತ್ತವೆ. y ಏನೇ ಆಗಿರಲಿ. 1998ರಲ್ಲಿ ಬ್ರಿನ್ ಮತ್ತು ಪೇಜ್ ವೆಬ್ ಪುಟಗಳನ್ನು ಕ್ರಮಪಡಿಸಲು ತಂದ ಪೇಜ್‌ರ‍್ಯಾಂಕ್ ಇದರ ಮೇಲೇ ನಿಂತಿದೆ. ಕೊಂಡಿಗಳ ಮ್ಯಾಟ್ರಿಕ್ಸನ್ನು 0.85 ರಿಂದ ಗುಣಿಸಿ, ಎಲ್ಲಿಂದಲೋ ಎಲ್ಲಿಗೋ ಹಾರುವ ಸಾಧ್ಯತೆಯಾಗಿ 0.15 ತೂಕದ ಒಂದೇ ರ‍್ಯಾಂಕಿನ ಮ್ಯಾಟ್ರಿಕ್ಸನ್ನು ಕೂಡಿಸುತ್ತಾರೆ. ಎಲ್ಲ ಅಂಶವೂ 1 ಇರುವ ಸದಿಶ ಎರಡಕ್ಕೂ ಸಾಮಾನ್ಯ. ಅದರ ಮೌಲ್ಯ 0.85 + 0.15 = 1; ಉಳಿದವೆಲ್ಲ 0.85 ನ್ನು ಮೀರುವುದಿಲ್ಲ. ಹಾಗಾಗಿ ಮ್ಯಾಟ್ರಿಕ್ಸಿನಿಂದ ಮತ್ತೆ ಮತ್ತೆ ಗುಣಿಸುತ್ತ ಹೋದರೆ ಸುತ್ತು ಸುತ್ತಿಗೂ ದೋಷ ಸುಮಾರು 0.85 ಪಟ್ಟಿಗೆ ಇಳಿಯುತ್ತದೆ, ಪುಟಗಳು ನೂರಿರಲಿ, ನೂರು ಕೋಟಿಯಿರಲಿ.

ಇತ್ಯರ್ಥವಾಗದವು

ಎರಡೂ ಸಮಮಿತವಾಗಿದ್ದಾಗ A + B ಗೆ ಯಾವ ಯಾವ ಮೌಲ್ಯಪಟ್ಟಿಗಳು ಸಾಧ್ಯ ಎಂಬ ದೊಡ್ಡ ಪ್ರಶ್ನೆ ಬಗೆಹರಿದಿದೆ. 1912ರಲ್ಲಿ ವೈಲ್ ಆರಂಭಿಸಿದ ಅಸಮತೆಗಳ ಪಟ್ಟಿಗೆ 1962ರಲ್ಲಿ ಆಲ್‌ಫ್ರೆಡ್ ಹಾರ್ನ್ ಪೂರ್ಣರೂಪವನ್ನು ಊಹಿಸಿದ. ಕ್ಲ್ಯಾಚ್ಕೊ, ಬಳಿಕ ನಟ್‌ಸನ್ ಮತ್ತು ಟಾವ್ 1990ರ ದಶಕದ ಕೊನೆಯಲ್ಲಿ ಅದನ್ನು ಸಾಧಿಸಿದರು. ಆದರೆ ಅದು ಸಾಧ್ಯತೆಗಳ ಗಡಿಯನ್ನು ಹೇಳುತ್ತದೆಯೇ ಹೊರತು ನಿರ್ದಿಷ್ಟ A, B ಕೊಟ್ಟರೆ ಉತ್ತರವನ್ನಲ್ಲ. ದಿಕ್ಕುಗಳನ್ನು ತಿಳಿಯದೆ ಆ ಉತ್ತರ ಸಿಗುವುದೂ ಇಲ್ಲ.

ಬಗೆಹರಿಯದೆ ಉಳಿದಿರುವುದು ಋಣ ಸಂಖ್ಯೆಗಳಿಲ್ಲದ ಮ್ಯಾಟ್ರಿಕ್ಸುಗಳ ಪ್ರಶ್ನೆ. n ಸಂಖ್ಯೆಗಳ ಪಟ್ಟಿ ಕೊಟ್ಟರೆ, ಅದೇ ಐಗೆನ್ ಮೌಲ್ಯಗಳಿರುವ, ಎಲ್ಲ ಅಂಶವೂ ಸೊನ್ನೆ ಅಥವಾ ಧನವಾಗಿರುವ ಮ್ಯಾಟ್ರಿಕ್ಸ್ ಇದೆಯೇ? 3, 3, −2, −2, −2 ಎಂಬ ಪಟ್ಟಿ ನೋಡಿ. ಮೊತ್ತ ಸೊನ್ನೆ, ಮೇಲ್ನೋಟಕ್ಕೆ ಆಕ್ಷೇಪವಿಲ್ಲ. ಆದರೆ ಅತಿ ದೊಡ್ಡ ಮೌಲ್ಯ ಎರಡು ಸಲ ಬಂದರೆ ಅಂಥ ಮ್ಯಾಟ್ರಿಕ್ಸ್ ತುಂಡುಗಳಾಗಿ ಒಡೆಯಲೇಬೇಕು, ತುಂಡಿಗೊಂದು 3 ರಂತೆ. ಪ್ರತಿ −2 ಕೂಡ ಈ ಎರಡರಲ್ಲೊಂದು ತುಂಡಿಗೇ ಸೇರಬೇಕು. ಒಂದಕ್ಕೆ ಕನಿಷ್ಠ ಎರಡು −2 ಬೀಳುತ್ತವೆ, ಕರ್ಣದ ಮೊತ್ತ −1 ಅಥವಾ ಇನ್ನೂ ಕಡಿಮೆಯಾಗುತ್ತದೆ. ಸಾಧ್ಯವಿಲ್ಲ. ಈಗ ಎಲ್ಲಕ್ಕೂ 1/3 ಕೂಡಿಸಿ. 10/3, −5/3, −5/3 ಎಂಬ ತುಂಡಿಗೆ ಕರ್ಣದಲ್ಲಿ ಸೊನ್ನೆ, ಉಳಿದ ಕಡೆ 5/3 ಇರುವ 3×3 ಮ್ಯಾಟ್ರಿಕ್ಸ್ ಸಾಕು. ಅದು ಮತ್ತೆ aI + bJ ಯೇ. 10/3, −5/3 ರ ತುಂಡೂ ಅದೇ ಬಗೆಯಲ್ಲಿ, ಕರ್ಣದಲ್ಲಿ 5/6 ಮತ್ತು ಬದಿಯಲ್ಲಿ 5/2 ಇಟ್ಟು, ಸಿಗುತ್ತದೆ. ಒಟ್ಟು ಪಟ್ಟಿ ಸಾಧ್ಯವಾಯಿತು. cI ಕೂಡಿಸುವುದು ಮೌಲ್ಯಗಳಿಗೆ ನಿರುಪದ್ರವಿ. ಅಂಶಗಳ ಮೇಲೆ ಷರತ್ತು ಬಂದೊಡನೆ ಹಾಗಲ್ಲ. ನಾಲ್ಕು ಸಂಖ್ಯೆಗಳ ಪಟ್ಟಿಯವರೆಗೆ ಪೂರ್ಣ ಉತ್ತರವಿದೆ. ಐದಕ್ಕೆ, ಮೊತ್ತ ಸೊನ್ನೆಯಾದಾಗ ಲಾಫಿ ಮತ್ತು ಮೀಹಾನ್ 1999ರಲ್ಲಿ ಕೊಟ್ಟದ್ದಿದೆ. ಸಾಮಾನ್ಯವಾದ ಐದಕ್ಕೆ ಇಲ್ಲ, ಆರಕ್ಕೂ ಇಲ್ಲ. ಬ್ರೌವರನ ಒಂದೇ ರ‍್ಯಾಂಕಿನ ಉಪಾಯ ಇಲ್ಲಿ ಅನೇಕ ಪಟ್ಟಿಗಳನ್ನು ಕಟ್ಟಿಕೊಟ್ಟಿದೆ, ಆದರೆ ಅದು ಕಟ್ಟಲಾರದ ಪಟ್ಟಿ ಅಸಾಧ್ಯವೆಂದು ಯಾರೂ ಹೇಳಲಾರರು.

ಹನ್ನೆರಡನೆಯ ದರ್ಜೆಯ ಪ್ರಕ್ಷೇಪ ಸಮತಲದ ವಿಷಯವೂ ಹಾಗೇ ತೂಗುತ್ತಿದೆ. 157 ಬಿಂದು, 157 ರೇಖೆ, ಒಂದು ರೇಖೆಯಲ್ಲಿ 13 ಬಿಂದು. NNᵀ ಏನಾಗಿರಬೇಕು ಎಂದು ಗೊತ್ತು: 12I + J. ಅದರ ಐಗೆನ್ ಮೌಲ್ಯಗಳೂ ಗೊತ್ತು: 169 ಒಂದು ಸಲ, 12 ಎಂಬುದು 156 ಸಲ. ನಿರ್ಧಾರಕ ಪೂರ್ಣವರ್ಗ, 12 ನಾಲ್ಕರಿಂದ ಭಾಗವಾಗುವುದರಿಂದ ಬ್ರಕ್ ಮತ್ತು ರೈಸರರ ಷರತ್ತು ಅದನ್ನು ಮುಟ್ಟುವುದೇ ಇಲ್ಲ. ಮೂರರ ಶೇಷದಲ್ಲಿ 12I ಅಳಿಸಿಹೋಗಿ ಇಲ್ಲಿಯೂ J ಒಂದೇ ಉಳಿಯುತ್ತದೆ, ಸಂಕೇತವೂ ಸಿಗುತ್ತದೆ. ಆದರೆ ಹತ್ತರಲ್ಲಿ ಮಾಡಿದಂತೆ ಎಲ್ಲ ದಾರಿಗಳನ್ನೂ ಹುಡುಕಿ ಮುಗಿಸುವುದು ಇದುವರೆಗೆ ಯಾರಿಂದಲೂ ಆಗಿಲ್ಲ. ಸೊನ್ನೆ ಮತ್ತು ಒಂದುಗಳ ಅಂಥದೊಂದು N ಇದೆಯೇ, ಇಲ್ಲವೇ ಎಂಬುದಕ್ಕೆ ಸಾಧನೆ ಎರಡು ಕಡೆಯಿಂದಲೂ ಬಂದಿಲ್ಲ.